ತರಕಾರಿಯ ಮೇಲಿನ ಔಷಧಿ: ಎಷ್ಟು ತೊಳೆದರೆ ಹೋಗುತ್ತದೆ, ಯಾವಾಗ ಸಿಪ್ಪೆ ತೆಗೆಯಬೇಕು?

ತರಕಾರಿಯನ್ನು ನಲ್ಲಿ ಕೆಳಗೆ ಹಿಡಿಯುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ. ಹೊಲದಲ್ಲಿ ಹೊಡೆದ ಔಷಧಿ ಈಗ ಇದರಲ್ಲಿ ಎಲ್ಲಿ ಕೂತಿದೆ? ಉತ್ತರ ಮೂರೇ. ಒಂದು, ಮೇಲ್ಮೈಯಲ್ಲಿ ಧೂಳಿನ ಹಾಗೆ ಅಂಟಿಕೊಂಡಿರಬಹುದು. ಎರಡು, ಸಿಪ್ಪೆಯ ಮೇಲಿನ ಮೇಣದ ಪದರದಲ್ಲಿ ಸೇರಿಕೊಂಡಿರಬಹುದು. ಮೂರು, ಒಳಗಿನ ತಿರುಳಿಗೇ ಇಳಿದಿರಬಹುದು. ಮೊದಲನೆಯದು ನೀರಿಗೆ ಹೋಗುತ್ತದೆ. ಎರಡನೆಯದಕ್ಕೆ ಉಜ್ಜಬೇಕು, ಇಲ್ಲವೇ ಸಿಪ್ಪೆ ತೆಗೆಯಬೇಕು. ಮೂರನೆಯದಕ್ಕೆ ಅಡುಗೆಮನೆಯಲ್ಲಿ ಪೂರ್ತಿ ಪರಿಹಾರ ಇಲ್ಲ.

ಯಾವ ಔಷಧಿ ಎಲ್ಲಿ ಕೂರುತ್ತದೆ ಅನ್ನುವುದು ಅದರ ಗುಣದ ಮೇಲೆ ಹೋಗುತ್ತದೆ. ಮ್ಯಾಂಕೋಜೆಬ್ ಎಂಬ ಶಿಲೀಂಧ್ರನಾಶಕ ಎಲೆ, ಕಾಯಿಗಳ ಮೇಲೆಯೇ ಪದರವಾಗಿ ನಿಲ್ಲುತ್ತದೆ, ಒಳಗೆ ಇಳಿಯುವುದಿಲ್ಲ. ಪೈರೆಥ್ರಾಯ್ಡ್ ಗುಂಪಿನ ಕೀಟನಾಶಕಗಳಿಗೆ ಎಣ್ಣೆ, ಮೇಣ ಅಂದರೆ ಇಷ್ಟ, ನೀರು ಅಂದರೆ ಆಗದು. ಹಾಗಾಗಿ ಅವು ಸಿಪ್ಪೆಯ ಮೇಣಕ್ಕೆ ಅಂಟಿಕೊಳ್ಳುತ್ತವೆ. ಇಮಿಡಾಕ್ಲೋಪ್ರಿಡ್‌ನಂಥವು ಬೇರೆಯದೇ ಜಾತಿ. ಅವನ್ನು ಗಿಡವೇ ಹೀರಿಕೊಳ್ಳುತ್ತದೆ, ರಸದ ಜೊತೆ ಇಡೀ ಗಿಡಕ್ಕೆ ಹರಡುತ್ತದೆ. ಇವಕ್ಕೆ ಅಂತರ್ವ್ಯಾಪಿ ಔಷಧಿ ಎನ್ನುತ್ತಾರೆ. ಬುಡಕ್ಕೆ ಹಾಕಿದರೂ ತುದಿಯ ಎಲೆ ತಿಂದ ಹುಳ ಸಾಯುವುದು ಇದೇ ಕಾರಣಕ್ಕೆ.

ನೋಡಿದರೆ ಯಾವುದೂ ಗೊತ್ತಾಗುವುದಿಲ್ಲ. ವಾಸನೆಯಿಂದಲೂ ತಿಳಿಯುವುದಿಲ್ಲ. ಸೇಬು, ದ್ರಾಕ್ಷಿಯ ಮೇಲಿನ ತೆಳು ಬಿಳಿ ಪುಡಿಯನ್ನು ತುಂಬಾ ಜನ ಔಷಧಿ ಅಂದುಕೊಳ್ಳುತ್ತಾರೆ. ಅದು ಬಹುತೇಕ ಹಣ್ಣಿನದೇ ಮೇಣ.

ಬರೀ ನೀರಿನಿಂದ ಎಷ್ಟು ಹೋಗುತ್ತದೆ?

ನಾವು ಅಂದುಕೊಂಡಿದ್ದಕ್ಕಿಂತ ಜಾಸ್ತಿಯೇ ಹೋಗುತ್ತದೆ. ಅಮೆರಿಕದ ಕನೆಕ್ಟಿಕಟ್ ಕೃಷಿ ಪ್ರಯೋಗ ಕೇಂದ್ರದವರು 2000ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಅಲ್ಲಿ ಹಣ್ಣು ತರಕಾರಿಗಳನ್ನು ನಲ್ಲಿ ನೀರಲ್ಲಿ ತೊಳೆದು, 12 ಔಷಧಿಗಳ ಉಳಿಕೆಯನ್ನು ಅಳೆದರು. 9 ಔಷಧಿಗಳು ಕಡಿಮೆಯಾದವು. ಮೂರು ಮಾತ್ರ ಜಗ್ಗಲಿಲ್ಲ.

ಅದರಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಇನ್ನೊಂದು ವಿಷಯ. ನೀರಲ್ಲಿ ಚೆನ್ನಾಗಿ ಕರಗುವ ಔಷಧಿ ಮಾತ್ರ ಹೋಗುತ್ತದೆ, ಕರಗದ್ದು ಹೋಗುವುದಿಲ್ಲ ಅಂತ ಅಲ್ವಾ ನಾವು ಊಹಿಸುವುದು? ಆದರೆ ಕರಗುವ ಗುಣಕ್ಕೂ ತೊಳೆದು ಹೋಗುವುದಕ್ಕೂ ಅಲ್ಲಿ ಸಂಬಂಧ ಕಾಣಲಿಲ್ಲ. ಔಷಧಿಯನ್ನು ಕಿತ್ತು ಹಾಕುವುದು ಹರಿಯುವ ನೀರಿನ ರಭಸ ಮತ್ತು ಕೈಯ ಉಜ್ಜಾಟ. ಅದಕ್ಕೇ ನೀರಲ್ಲಿ ಅದ್ದಿ ತೆಗೆದರೆ ಸಾಲದು. ಹರಿಯುವ ನೀರಿನಡಿ ಕಡಿಮೆ ಎಂದರೂ ಅರ್ಧ ನಿಮಿಷ ತಿರುಗಿಸುತ್ತಾ ಉಜ್ಜಬೇಕು. ಅರ್ಧ ನಿಮಿಷ ಅಂದರೆ ಕೇಳಲು ಚಿಕ್ಕದು. ಒಮ್ಮೆ ಗಡಿಯಾರ ನೋಡಿಕೊಂಡು ತೊಳೆಯಿರಿ, ದಿನಾ ನಾವು ಅದರ ಕಾಲು ಭಾಗವೂ ತೊಳೆಯುತ್ತಿರಲಿಲ್ಲ ಎಂದು ಗೊತ್ತಾಗುತ್ತದೆ.

ಸೋಪು, ಪಾತ್ರೆ ತೊಳೆಯುವ ದ್ರಾವಣ ಬೇಡವೇ ಬೇಡ. ತರಕಾರಿಯ ಸಿಪ್ಪೆಯಲ್ಲಿ ಸಣ್ಣ ಸಣ್ಣ ರಂಧ್ರಗಳಿವೆ, ಸೋಪು ಅಲ್ಲಿ ಇಳಿದು ಕೂರುತ್ತದೆ. ಒಂದನ್ನು ತೆಗೆಯಲು ಹೋಗಿ ಇನ್ನೊಂದನ್ನು ಸೇರಿಸಿದ ಹಾಗೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆಯೂ ಸೋಪು, ಡಿಟರ್ಜೆಂಟ್ ಬೇಡ ಎನ್ನುತ್ತದೆ. ಬಾಟಲಿಯಲ್ಲಿ ಮಾರುವ ತರಕಾರಿ ತೊಳೆಯುವ ದ್ರವಗಳನ್ನೂ ಅದು ಶಿಫಾರಸು ಮಾಡುವುದಿಲ್ಲ.

ಒಂದು ಸೇಬನ್ನು ಹತ್ತಿರದಿಂದ ನೋಡೋಣ

ಅಡುಗೆ ಸೋಡಾ ನೀರಲ್ಲಿ ನೆನೆಸಿದರೆ ಔಷಧಿ ಹೋಗುತ್ತದೆ ಎಂಬ ಮಾತು ಎಲ್ಲ ಕಡೆ ಹರಿದಾಡುತ್ತದೆ. ಅದರ ಹಿಂದೆ ನಿಜವಾದ ಪ್ರಯೋಗವೇ ಇದೆ. ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದವರು 2017ರಲ್ಲಿ ಸೇಬಿನ ಮೇಲೆ ಇದನ್ನು ಮಾಡಿ ನೋಡಿದರು. ಎರಡು ಔಷಧಿ ತೆಗೆದುಕೊಂಡರು. ಒಂದು ಥಯಾಬೆಂಡಜೋಲ್, ಒಳಗೆ ಇಳಿಯುವ ಜಾತಿಯ ಶಿಲೀಂಧ್ರನಾಶಕ. ಇನ್ನೊಂದು ಫಾಸ್ಮೆಟ್, ಮೇಲೆಯೇ ನಿಲ್ಲುವ ಕೀಟನಾಶಕ. ಎರಡನ್ನೂ ಸಿಪ್ಪೆಗೆ ಹಚ್ಚಿ 24 ಗಂಟೆ ಬಿಟ್ಟರು. ಆಮೇಲೆ ತೊಳೆದರು.

ಸೋಡಾ ನೀರು ಬರೀ ನೀರಿಗಿಂತ ಚೆನ್ನಾಗಿ ಕೆಲಸ ಮಾಡಿತು. ಆದರೆ ಎಷ್ಟು ಹೊತ್ತು ಬೇಕಾಯಿತು ನೋಡಿ. ಮೇಲ್ಮೈಯ ಥಯಾಬೆಂಡಜೋಲ್ ಹೋಗಲು 12 ನಿಮಿಷ, ಫಾಸ್ಮೆಟ್ ಹೋಗಲು 15 ನಿಮಿಷ. ಸೋಡಾದ ಕ್ಷಾರ ಗುಣಕ್ಕೆ ಈ ಔಷಧಿಗಳ ಅಣುಗಳು ನಿಧಾನಕ್ಕೆ ಒಡೆಯುತ್ತವೆ. ಒಡೆದದ್ದು ನೀರಿನ ಜೊತೆ ಹೋಗುತ್ತದೆ. ನಿಧಾನಕ್ಕೆ ಎಂಬುದೇ ಇಲ್ಲಿ ಗಮನಿಸಬೇಕಾದ ಮಾತು. ಸೋಡಾ ಹಾಕಿ ಎರಡು ನಿಮಿಷಕ್ಕೆ ತೆಗೆದರೆ ಸೋಡಾ ಹಾಕಿದ್ದಕ್ಕೆ ಹೆಚ್ಚೇನೂ ಸಿಗುವುದಿಲ್ಲ.

ಇನ್ನೊಂದು ಅಳತೆಯನ್ನೂ ಅವರು ಮಾಡಿದರು. ಆ ಒಂದೇ ದಿನದಲ್ಲಿ ಹಚ್ಚಿದ ಥಯಾಬೆಂಡಜೋಲ್‌ನ ಶೇ. 20ರಷ್ಟು ಸಿಪ್ಪೆಯೊಳಗೆ ಇಳಿದಿತ್ತು. ಫಾಸ್ಮೆಟ್ ಇಳಿದದ್ದು ಶೇ. 4.4 ಮಾತ್ರ. ಒಳಗೆ ಇಳಿದದ್ದು ಎಷ್ಟು ತೊಳೆದರೂ ಬರಲಿಲ್ಲ. ಥಯಾಬೆಂಡಜೋಲ್ ಇಳಿದಿದ್ದ ಆಳ ಸುಮಾರು ಒಂದು ಕೂದಲಿನ ದಪ್ಪದಷ್ಟು. ಚಾಕುವಿನಿಂದ ಸಿಪ್ಪೆ ತೆಗೆದರೆ ಅದಕ್ಕಿಂತ ಎಷ್ಟೋ ದಪ್ಪ ಹೋಗುತ್ತದೆ. ಅಂದರೆ ಸಿಪ್ಪೆ ಸುಲಿದರೆ ಆ ಸೇಬಿನ ಮಟ್ಟಿಗೆ ಒಳಗಿಳಿದದ್ದೂ ಹೋಯಿತು. ಆದರೆ ಇದು 24 ಗಂಟೆಯ ಲೆಕ್ಕ. ತೋಟದಲ್ಲಿ ವಾರಗಟ್ಟಲೆ ಗಿಡದ ಮೇಲೆಯೇ ಇದ್ದ ಹಣ್ಣಿಗೆ ಇದನ್ನು ಹಾಗೇ ಹೊಂದಿಸಲು ಆಗುವುದಿಲ್ಲ. ಪ್ರಯೋಗ ಆಗಿದ್ದು ಎರಡೇ ಔಷಧಿ, ಒಂದೇ ಹಣ್ಣಿನ ಮೇಲೆ ಅನ್ನುವುದೂ ನೆನಪಿರಲಿ.

ಇದನ್ನು ಮನೆಯಲ್ಲಿ ಮಾಡುವುದು ಹೀಗೆ. ಒಂದು ಲೀಟರ್ ನೀರಿಗೆ 10 ಗ್ರಾಂ ಅಡುಗೆ ಸೋಡಾ ಹಾಕಿ. ಟೀ ಚಮಚದಲ್ಲಿ ಹೇಳುವುದಾದರೆ ತಲೆತಟ್ಟಿದ ಎರಡು ಚಮಚ. ಪೂರ್ತಿ ಕರಗುವವರೆಗೆ ಕದಡಿ. ಹಣ್ಣು ಮುಳುಗುವಷ್ಟು ನೀರಿರಲಿ. ತೇಲಿದರೆ ಮೇಲೊಂದು ತಟ್ಟೆ ಇಡಿ, ಇಲ್ಲದಿದ್ದರೆ ತೇಲಿದ ಬದಿಗೆ ನೀರು ತಾಗುವುದೇ ಇಲ್ಲ. 15 ನಿಮಿಷ ಬಿಡಿ. ನಡುವೆ ಒಂದೆರಡು ಸಲ ತಿರುಗಿಸಿ. ಆಮೇಲೆ ನಲ್ಲಿ ಕೆಳಗೆ ಅರ್ಧ ನಿಮಿಷ ಉಜ್ಜಿ ತೊಳೆಯಿರಿ. ತೊಟ್ಟಿನ ಗುಳಿ ಮತ್ತು ಕೆಳಗಿನ ಗುಳಿಗೆ ಬೆರಳು ಹಾಕಿ ತೊಳೆಯುವುದನ್ನು ಮರೆಯಬೇಡಿ. ಹೊಡೆದ ಔಷಧಿ ಹರಿದು ಬಂದು ನಿಲ್ಲುವ ಜಾಗ ಅದೇ. ಕೊನೆಗೆ ಒಣ ಬಟ್ಟೆಯಲ್ಲಿ ಒರೆಸಿ. ಒರೆಸುವುದೂ ಒಂದು ಸಲ ಉಜ್ಜಿದ ಹಾಗೆಯೇ.

ಈ ಸೋಡಾ ಸ್ನಾನ ಗಟ್ಟಿ ಸಿಪ್ಪೆಯ, ಸಿಪ್ಪೆ ಸಮೇತ ಹಸಿಯಾಗಿ ತಿನ್ನುವ ವಸ್ತುಗಳಿಗೆ ಸರಿ. ಸೇಬು, ಸೌತೆಕಾಯಿ, ದೊಣ್ಣೆ ಮೆಣಸಿನಕಾಯಿ ಇಂಥವು. ಹೆಚ್ಚಿದ ತರಕಾರಿಯನ್ನು ಮಾತ್ರ ಯಾವತ್ತೂ ನೆನೆಹಾಕಬೇಡಿ. ಕತ್ತರಿಸಿದ ಕಡೆಯಿಂದ ವಿಟಮಿನ್ ಸಿ ನೀರಿಗೆ ಇಳಿದುಹೋಗುತ್ತದೆ, ನೀರಲ್ಲಿದ್ದದ್ದು ಒಳಗೆ ಹೋಗುತ್ತದೆ.

ಸೋಡಾ ನೀರು ಹಳದಿಯಾಯಿತು, ನೀಲಿಯಾಯಿತು, ಅದೇ ಔಷಧಿ ಹೊರಗೆ ಬಂದದ್ದು ಅಂತ ತೋರಿಸುವ ವಿಡಿಯೋಗಳಿವೆ. ಹೆದರಬೇಡಿ. ತರಕಾರಿಯ ಸಹಜ ಬಣ್ಣಗಳು ಕ್ಷಾರದಲ್ಲಿ ಬಣ್ಣ ಬದಲಿಸುತ್ತವೆ. ಕೆಂಪು ಎಲೆಕೋಸಿನ ರಸಕ್ಕೆ ಚಿಟಿಕೆ ಸೋಡಾ ಹಾಕಿ ನೋಡಿ, ಕಣ್ಣೆದುರೇ ನೀಲಿಯಾಗುತ್ತದೆ. ಉಳಿಕೆಯಾಗಿರುವ ಔಷಧಿ ಎಷ್ಟು ಸ್ವಲ್ಪ ಇರುತ್ತದೆ ಅಂದರೆ ಅದು ನೀರಿಗೆ ಬಣ್ಣ ಕೊಡಲು ಸಾಧ್ಯವೇ ಇಲ್ಲ.

ಸೊಪ್ಪಿನ ಕೆಲಸ ಬೇರೆ

ಸೊಪ್ಪಿಗೆ ಸಿಪ್ಪೆ ಇಲ್ಲ. ತೂಕಕ್ಕೆ ಹೋಲಿಸಿದರೆ ಅದರ ಮೇಲ್ಮೈ ತುಂಬಾ ಜಾಸ್ತಿ, ಔಷಧಿ ಕೂರಲು ಜಾಗವೂ ಜಾಸ್ತಿ. ಎಲೆಯ ಹಿಂಬದಿ, ದಂಟು ಸೇರುವ ಸಂದು, ಮಡಿಕೆಗಳು, ಎಲ್ಲ ಕಡೆ ನೀರು ಹೋಗಬೇಕು. ಹಾಗಾಗಿ ಕಟ್ಟು ಬಿಚ್ಚದೆ ನಲ್ಲಿಗೆ ಹಿಡಿದರೆ ಹೊರಗಿನ ನಾಲ್ಕು ಎಲೆ ತೊಳೆದ ಹಾಗೆ ಅಷ್ಟೇ.

ಮೊದಲು ಕಟ್ಟು ಬಿಚ್ಚಿ ಸೋಸಿ. ಹಳದಿ ಎಲೆ, ಹರಿದ ಎಲೆ ತೆಗೆದುಹಾಕಿ. ಬೇರಿನ ಬುಡ ಕತ್ತರಿಸಿ ಎಲೆಗಳು ಬಿಡಿಬಿಡಿಯಾಗಲಿ. ದೊಡ್ಡ ಪಾತ್ರೆಯ ತುಂಬ ನೀರಿಟ್ಟು ಎಲೆಗಳನ್ನು ಮುಳುಗಿಸಿ, ಕೈಯಿಂದ ಎರಡು ನಿಮಿಷ ಅಲ್ಲಾಡಿಸಿ. ಪಾತ್ರೆ ಬಗ್ಗಿಸಿ ನೀರು ಚೆಲ್ಲಬೇಡಿ. ತಳಕ್ಕೆ ಇಳಿದ ಮಣ್ಣೆಲ್ಲ ಮತ್ತೆ ಎಲೆಯ ಮೇಲೆಯೇ ಬಂದು ಕೂರುತ್ತದೆ. ಎಲೆಗಳನ್ನು ಎರಡೂ ಕೈಯಿಂದ ಎತ್ತಿ ಇನ್ನೊಂದು ಪಾತ್ರೆಗೆ ಹಾಕಿ, ಆಮೇಲೆ ನೀರು ಚೆಲ್ಲಿ. ಹೊಸ ನೀರು ಹಾಕಿ ಮತ್ತೆ ಇದೇ ಕೆಲಸ. ತಳದಲ್ಲಿ ಬೆರಳಾಡಿಸಿದರೆ ಮರಳು ಸಿಗದಷ್ಟು ಸಲ ಮಾಡಿ, ಸಾಮಾನ್ಯವಾಗಿ ಮೂರು ಸಲ ಸಾಕು. ಕೊನೆಯ ಸುತ್ತು ನಲ್ಲಿ ಕೆಳಗೆ, ಒಂದೊಂದೇ ಹಿಡಿ. ಜರಡಿಗೆ ಹಾಕಿ ನೀರು ಬಸಿಯಲಿ, ಆಮೇಲೆಯೇ ಹೆಚ್ಚಿ.

ನಾನು ಎಷ್ಟೋ ವರ್ಷ ಸೊಪ್ಪನ್ನು ಹೆಚ್ಚಿ ಆಮೇಲೆ ತೊಳೆಯುತ್ತಿದ್ದೆ. ಬೇಗ ಆಗುತ್ತದೆ ಅಂತ. ತೊಳೆದ ನೀರು ತಿಳಿ ಹಸಿರಾಗುತ್ತಿತ್ತು. ಆ ಹಸಿರು ಎಲೆಯ ರಸ, ಅದರ ಜೊತೆ ನೀರಲ್ಲಿ ಕರಗುವ ವಿಟಮಿನ್‌ಗಳೂ ಹೋಗುತ್ತಿದ್ದವು. ಈಗ ತೊಳೆದ ನೀರಿಗೆ ಹಸಿರು ಬಂದರೆ ಎಲೆಯನ್ನು ಜೋರಾಗಿ ಹಿಸುಕಿದೆ ಎಂದು ಅರ್ಥ ಮಾಡಿಕೊಳ್ಳುತ್ತೇನೆ.

ತೊಳೆಯುವುದು ಬೇಯಿಸುವುದಕ್ಕೆ ಮೊದಲೇ ಆಗಬೇಕು ಎನ್ನುವುದಕ್ಕೆ ಇನ್ನೊಂದು ಕಾರಣವಿದೆ. ಹೇಗೂ ಬೇಯಿಸುತ್ತೇವಲ್ಲ, ಶಾಖಕ್ಕೆ ಎಲ್ಲ ಹೋಗುತ್ತದೆ ಅಂತ ಕೆಲವರು ಸುಮ್ನೆ ಒಂದು ಸಲ ಅದ್ದಿ ಒಲೆಗೆ ಹಾಕುತ್ತಾರೆ. ಕೆಲವು ಔಷಧಿಗಳು ಶಾಖಕ್ಕೆ ಒಡೆಯುವುದು ನಿಜ. ಆದರೆ ಮ್ಯಾಂಕೋಜೆಬ್ ಬೆಂದಾಗ ಎಥಿಲೀನ್ ಥಯೋಯೂರಿಯ ಎಂಬ ವಸ್ತುವಾಗಿ ಬದಲಾಗುತ್ತದೆ. ಇದು ಥೈರಾಯ್ಡ್ ಗ್ರಂಥಿಗೆ ತೊಂದರೆ ಕೊಡುವಂಥದ್ದು, ಮೂಲ ಔಷಧಿಗಿಂತ ಕೆಟ್ಟದ್ದು. ಮ್ಯಾಂಕೋಜೆಬ್ ಇರುವುದು ಮೇಲ್ಮೈಯಲ್ಲೇ ಆದ್ದರಿಂದ ಬೇಯಿಸುವ ಮೊದಲು ಚೆನ್ನಾಗಿ ತೊಳೆದರೆ ಅದರ ಬಹುಪಾಲು ಅಲ್ಲೇ ಹೋಗಿರುತ್ತದೆ.

ಎಲೆಕೋಸಿಗೆ ಇಷ್ಟು ಕಷ್ಟವಿಲ್ಲ. ಹೊರಗಿನ ಎರಡು ಮೂರು ಎಲೆ ತೆಗೆದುಹಾಕಿ, ಉಳಿದದ್ದನ್ನು ನಾಲ್ಕು ಭಾಗ ಮಾಡಿ ನಲ್ಲಿ ಕೆಳಗೆ ಹಿಡಿಯಿರಿ. ಒಳಗಿನ ಎಲೆಗಳು ಮುಚ್ಚಿಕೊಂಡೇ ಬೆಳೆದಿರುತ್ತವೆ, ಸಿಂಪಡಣೆ ಅಲ್ಲಿಗೆ ಅಷ್ಟಾಗಿ ತಲುಪಿರುವುದಿಲ್ಲ.

ಟೊಮೆಟೊಗೆ ಒಂದು ಎಚ್ಚರಿಕೆ. ಬಿಸಿಲಲ್ಲಿ ಬೆಚ್ಚಗಾದ ಹಣ್ಣನ್ನು ತಣ್ಣನೆಯ ನೀರಲ್ಲಿ ಮುಳುಗಿಸಬೇಡಿ. ಒಳಗಿನ ಗಾಳಿ ಕುಗ್ಗಿ, ತೊಟ್ಟಿನ ಗಾಯದ ಮೂಲಕ ಹೊರಗಿನ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ನೀರಲ್ಲಿರುವ ಕೊಳೆ, ರೋಗಾಣು ಎಲ್ಲವೂ ಅದರ ಜೊತೆ ಹೋಗುತ್ತವೆ. ಹಣ್ಣಿನಷ್ಟೇ ಬೆಚ್ಚಗಿರುವ ನೀರು ಒಳ್ಳೆಯದು.

ಸಿಪ್ಪೆ: ತೆಗೆಯುವುದೋ, ಬಿಡುವುದೋ?

ಮೇಣದಲ್ಲಿ ಸೇರಿಕೊಂಡ ಔಷಧಿಗೆ ಸಿಪ್ಪೆ ತೆಗೆಯುವುದಕ್ಕಿಂತ ಒಳ್ಳೆಯ ದಾರಿ ಇಲ್ಲ. ಆಲೂಗಡ್ಡೆ ಇದಕ್ಕೆ ಒಳ್ಳೆಯ ಉದಾಹರಣೆ. ದಾಸ್ತಾನು ಮಾಡಿಟ್ಟ ಆಲೂಗಡ್ಡೆ ಮೊಳಕೆ ಬರದಿರಲಿ ಅಂತ ಕ್ಲೋರ್‌ಪ್ರೊಫಾಮ್ ಎಂಬ ರಾಸಾಯನಿಕವನ್ನು ಹೊಗೆಯ ಹಾಗೆ ಬಿಡುವ ಪದ್ಧತಿಯಿದೆ. ಯೂರೋಪ್ ಒಕ್ಕೂಟ ಇದನ್ನು ನಿಲ್ಲಿಸಿದೆ, ಬೇರೆ ಕೆಲವು ಕಡೆ ಬಳಕೆ ಇದೆ. ಇದರ ಉಳಿಕೆ ಬಹುತೇಕ ಸಿಪ್ಪೆಯಲ್ಲೇ ಇರುತ್ತದೆ, ಸಿಪ್ಪೆ ಜೊತೆಗೇ ಹೋಗುತ್ತದೆ.

ಆದರೆ ಸಿಪ್ಪೆ ತೆಗೆಯುವ ಮೊದಲೂ ತೊಳೆಯಬೇಕು. ಇದನ್ನು ಬಿಡುವವರೇ ಜಾಸ್ತಿ. ತೊಳೆಯದ ಗಡ್ಡೆಯ ಸಿಪ್ಪೆ ಸುಲಿದರೆ ಮೇಲಿನ ಮಣ್ಣು, ಔಷಧಿ ಚಾಕುವಿಗೆ, ಕೈಗೆ ಅಂಟಿ ತಿರುಳಿಗೆ ಬರುತ್ತವೆ. ಬ್ರಷ್‌ನಿಂದ ಉಜ್ಜಿ ತೊಳೆಯಿರಿ, ಸಿಪ್ಪೆ ತೆಗೆಯಿರಿ, ಮತ್ತೆ ಒಂದು ಸಲ ನೀರು ತೋರಿಸಿ.

ಸಿಪ್ಪೆ ತೆಗೆದರೆ ಏನು ಕಳೆದುಕೊಳ್ಳುತ್ತೇವೆ? ಇದು ತರಕಾರಿಯಿಂದ ತರಕಾರಿಗೆ ಬೇರೆ. 100 ಗ್ರಾಂ ಸೇಬಿನಲ್ಲಿ ಸಿಪ್ಪೆ ಸಮೇತ ಸುಮಾರು 2.4 ಗ್ರಾಂ ನಾರು ಇರುತ್ತದೆ, ಸಿಪ್ಪೆ ತೆಗೆದರೆ 1.3 ಗ್ರಾಂ. ಹೆಚ್ಚುಕಡಿಮೆ ಅರ್ಧ ಹೋಯಿತು. ಆಲೂಗಡ್ಡೆಯ ಕಥೆ ಹಾಗಲ್ಲ. ಸತ್ವವೆಲ್ಲ ಸಿಪ್ಪೆಯಲ್ಲೇ ಅಂತ ಹೇಳುತ್ತಾರೆ, ಆದರೆ ಗಡ್ಡೆಯ ಬಹುಭಾಗ ತಿರುಳೇ ಆದ್ದರಿಂದ ವಿಟಮಿನ್ ಸಿಯ ಹೆಚ್ಚಿನ ಪಾಲೂ ಅಲ್ಲೇ ಇದೆ.

ನನ್ನ ಲೆಕ್ಕ ಹೀಗೆ. ಆಲೂಗಡ್ಡೆ, ಕ್ಯಾರೆಟ್, ಮೇಣ ಹಚ್ಚಿ ಹೊಳಪು ಕೊಟ್ಟ ಸೌತೆಕಾಯಿಗೆ ಸಿಪ್ಪೆ ತೆಗೆಯುತ್ತೇನೆ. ಮೇಣ ಹಚ್ಚಿದ್ದು ಗೊತ್ತಾಗಬೇಕಾದರೆ ಉಗುರಿನಿಂದ ಮೆಲ್ಲಗೆ ಕೆರೆಯಿರಿ, ಉಗುರಿನ ತುದಿಗೆ ಬಿಳಿ ಹಿಟ್ಟಿನಂಥದ್ದು ಬರುತ್ತದೆ. ಮೇಣದ ಕೆಳಗೆ ಸಿಕ್ಕಿಕೊಂಡದ್ದನ್ನು ನೀರು ಮುಟ್ಟುವುದಿಲ್ಲ. ಸೇಬಿನ ನಾರು ಬಿಡಲು ನನಗೆ ಮನಸ್ಸಿಲ್ಲ, ಅದಕ್ಕೆ ಸೋಡಾ ಸ್ನಾನ ಮಾಡಿಸಿ ಸಿಪ್ಪೆ ಸಮೇತ ತಿನ್ನುತ್ತೇನೆ.

ಎಲ್ಲವನ್ನೂ ಒಂದೇ ಸಲ ತೊಳೆದು ಫ್ರಿಜ್‌ಗೆ ಹಾಕುವ ಅಭ್ಯಾಸ ಇದ್ದರೆ ಪೂರ್ತಿ ಒಣಗಿಸಿ ಇಡಿ. ತೇವ ಉಳಿದರೆ ಎರಡೇ ದಿನಕ್ಕೆ ಎಲೆ ಲೋಳೆಯಾಗುತ್ತದೆ. ಬೇಕಾದಾಗ ಬೇಕಾದಷ್ಟು ತೊಳೆಯುವುದೇ ಉತ್ತಮ.

ಹಾಗಾದರೆ ಸಾವಯವ ತಂದರೆ?

ಇಲ್ಲಿ ಎರಡು ಪ್ರಶ್ನೆಗಳನ್ನು ಜನ ಒಂದಾಗಿಸಿಬಿಡುತ್ತಾರೆ. ಔಷಧಿ ಕಡಿಮೆಯೇ? ಪೌಷ್ಟಿಕಾಂಶ ಜಾಸ್ತಿಯೇ?

ಮೊದಲನೆಯದಕ್ಕೆ ಉತ್ತರ ಹೌದು. ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದವರು 2012ರಲ್ಲಿ ಅದುವರೆಗಿನ ನೂರಾರು ಅಧ್ಯಯನಗಳನ್ನು ಒಟ್ಟುಹಾಕಿ ನೋಡಿದಾಗ, ಸಾಮಾನ್ಯ ಬೆಳೆಯ ಮಾದರಿಗಳಲ್ಲಿ ಶೇ. 38ರಲ್ಲಿ ಔಷಧಿಯ ಉಳಿಕೆ ಸಿಕ್ಕಿತ್ತು, ಸಾವಯವದಲ್ಲಿ ಶೇ. 7ರಲ್ಲಿ. ಸಾವಯವದಲ್ಲಿ ಸೊನ್ನೆ ಅಲ್ಲ ಎನ್ನುವುದನ್ನು ಗಮನಿಸಿ. ಪಕ್ಕದ ಹೊಲದಿಂದ ಗಾಳಿಗೆ ಬರುತ್ತದೆ, ಹಳೆಯ ಮಣ್ಣಿನಲ್ಲಿ ಉಳಿದಿರುತ್ತದೆ. ಸಾವಯವದಲ್ಲಿ ಔಷಧಿಯೇ ಹೊಡೆಯುವುದಿಲ್ಲ ಎನ್ನುವುದೂ ತಪ್ಪು. ಗಂಧಕ, ತಾಮ್ರದ ಲವಣಗಳು, ಹೂವಿನಿಂದ ತೆಗೆದ ಪೈರೆಥ್ರಿನ್ ಇವಕ್ಕೆಲ್ಲ ಸಾವಯವ ನಿಯಮಗಳಲ್ಲಿ ಸಾಮಾನ್ಯವಾಗಿ ಅನುಮತಿಯಿದೆ. ಗೊಬ್ಬರದ ಮಣ್ಣೂ ತಾಗಿರುತ್ತದೆ. ಆದ್ದರಿಂದ ಸಾವಯವ ತರಕಾರಿಯನ್ನೂ ಅಷ್ಟೇ ಮುತುವರ್ಜಿಯಿಂದ ತೊಳೆಯಬೇಕು.

ಹಾಗೆಯೇ, ಉಳಿಕೆ ಸಿಕ್ಕಿತು ಎಂದರೆ ಅಪಾಯ ಅಂತಲೂ ಅಲ್ಲ. ಮನುಷ್ಯ ದಿನಾ ತಿಂದರೂ ತೊಂದರೆಯಿಲ್ಲ ಎನ್ನುವ ಪ್ರಮಾಣವನ್ನು ಗೊತ್ತುಮಾಡುವಾಗ, ಪ್ರಾಣಿಗಳಿಗೆ ಏನೂ ಆಗದ ಪ್ರಮಾಣದ ಸಾಮಾನ್ಯವಾಗಿ ನೂರನೇ ಒಂದು ಭಾಗವನ್ನು ತೆಗೆದುಕೊಳ್ಳುತ್ತಾರೆ. ಔಷಧಿಗೆ ಹೆದರಿ ತರಕಾರಿಯನ್ನೇ ಕಡಿಮೆ ಮಾಡುವುದು ದೊಡ್ಡ ನಷ್ಟ.

ಎರಡನೆಯ ಪ್ರಶ್ನೆಗೆ ಉತ್ತರ ಅಷ್ಟು ನೇರ ಇಲ್ಲ. ಲಂಡನ್ನಿನ ಸಂಶೋಧಕರು 2009ರಲ್ಲಿ 50 ವರ್ಷಗಳ ಅಧ್ಯಯನಗಳನ್ನು ಜಾಲಾಡಿ, ಪೌಷ್ಟಿಕಾಂಶದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ ಎಂದರು. ಸ್ಟ್ಯಾನ್‌ಫೋರ್ಡ್‌ನವರಿಗೂ ಬಲವಾದ ಪುರಾವೆ ಸಿಗಲಿಲ್ಲ. 2014ರಲ್ಲಿ ನ್ಯೂಕಾಸಲ್ ವಿಶ್ವವಿದ್ಯಾಲಯದ ತಂಡ 343 ಪ್ರಬಂಧಗಳನ್ನು ಸೇರಿಸಿ ನೋಡಿ, ಸಾವಯವ ಬೆಳೆಯಲ್ಲಿ ಪಾಲಿಫೀನಾಲ್ ಎಂಬ ಆಂಟಿಆಕ್ಸಿಡೆಂಟ್‌ಗಳು ಜಾಸ್ತಿ ಎಂದಿತು. ಅದೇ ಲೆಕ್ಕದಲ್ಲಿ ಪ್ರೊಟೀನ್ ಸ್ವಲ್ಪ ಕಡಿಮೆ ಬಂತು.

ಎರಡಕ್ಕೂ ಒಂದೇ ಕಾರಣ ಹೇಳಬಹುದು, ಸಾರಜನಕ. ರಾಸಾಯನಿಕ ಗೊಬ್ಬರದಿಂದ ಸಾರಜನಕ ಬೇಗ, ಧಾರಾಳವಾಗಿ ಸಿಕ್ಕಾಗ ಗಿಡ ಪ್ರೊಟೀನ್ ಕಟ್ಟುತ್ತಾ ಸರಸರ ಬೆಳೆಯುತ್ತದೆ. ಸಾವಯವ ಗೊಬ್ಬರ ಕರಗುವುದು ನಿಧಾನ. ಗಿಡ ನಿಧಾನಕ್ಕೆ ಬೆಳೆಯುತ್ತದೆ, ಹುಳ ಹುಪ್ಪಟೆಯನ್ನು ತಾನೇ ಎದುರಿಸಲು ಪಾಲಿಫೀನಾಲ್‌ಗಳನ್ನು ಹೆಚ್ಚು ಮಾಡಿಕೊಳ್ಳುತ್ತದೆ. ಹೀಗೆ ಹೆಚ್ಚಾದ ಪಾಲಿಫೀನಾಲ್‌ನಿಂದ ತಿನ್ನುವವರ ಆರೋಗ್ಯ ಸುಧಾರಿಸುತ್ತದೆ ಎಂಬುದು ಮಾತ್ರ ಸಾಬೀತಾಗಿಲ್ಲ. ನಾವು ತರಕಾರಿಯಿಂದ ಮುಖ್ಯವಾಗಿ ಬಯಸುವ ವಿಟಮಿನ್, ಖನಿಜಗಳಲ್ಲಿ ಹೆಚ್ಚಿನ ವ್ಯತ್ಯಾಸ ಇಲ್ಲ.

ಸಾವಯವಕ್ಕೆ ಜಾಸ್ತಿ ದುಡ್ಡು ಕೊಡುವ ಮನಸ್ಸಿದ್ದರೆ ಅದನ್ನು ಸೊಪ್ಪಿಗೆ, ಸಿಪ್ಪೆ ಸಮೇತ ಹಸಿಯಾಗಿ ತಿನ್ನುವುದಕ್ಕೆ ಕೊಡಿ. ತೊಳೆದು ತೆಗೆಯಲಾಗದ ಅಂತರ್ವ್ಯಾಪಿ ಔಷಧಿಗೆ ಇರುವ ಉಪಾಯ ಅದೊಂದೇ. ಹೇಗೂ ಸಿಪ್ಪೆ ಸುಲಿಯುವ ತರಕಾರಿಗೆ ಅಷ್ಟು ಅಗತ್ಯ ಕಾಣುವುದಿಲ್ಲ.

ಬರೀ ಪೌಷ್ಟಿಕಾಂಶವೇ ಬೇಕೆಂದರೆ ಚೀಟಿ ನೋಡುವ ಮೊದಲು ಎಲೆ ನೋಡಿ. ಪೆನ್ಸಿಲ್ವೇನಿಯ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪಾಲಕ್ ಸೊಪ್ಪನ್ನು 4 ಡಿಗ್ರಿ ತಂಪಿನಲ್ಲಿ ಇಟ್ಟು ಅಳೆದಾಗ, 8 ದಿನದಲ್ಲಿ ಅದರ ಫೋಲೇಟ್ ಎಂಬ ವಿಟಮಿನ್ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. 20 ಡಿಗ್ರಿಯಲ್ಲಿ ಇಟ್ಟದ್ದಕ್ಕೆ ಅಷ್ಟು ಇಳಿಯಲು 4 ದಿನ ಸಾಕಾಯಿತು. ಸಾವಯವ ಎಂದು ಬರೆದ ಬಾಡಿದ ಕಟ್ಟು, ಇವತ್ತೇ ಕೊಯ್ದ ಸಾಮಾನ್ಯ ಕಟ್ಟು ಎರಡೂ ಎದುರಿಗಿದ್ದರೆ ನಾನು ಎರಡನೆಯದನ್ನು ತರುತ್ತೇನೆ. ಮೂರು ನೀರಲ್ಲಿ ತೊಳೆದು ಅವತ್ತೇ ಬೇಯಿಸುತ್ತೇನೆ.